12x10 ರೂಮಿಗೆ ಎಷ್ಟು ಪೇಂಟ್, ಎಷ್ಟು ಕೂಲಿ?

"12x10 ಅಡಿ ರೂಮು, 10 ಅಡಿ ಎತ್ತರ. ಗೋಡೆಗೆ ಮಾತ್ರ ಎರಡು ಕೋಟ್ ಎಮಲ್ಷನ್. ಪೇಂಟರ್ 10 ಲೀಟರ್ ತನ್ನಿ ಅಂತಾರೆ. ಅಷ್ಟು ಬೇಕಾ? ಒಟ್ಟು ಎಷ್ಟಾಗುತ್ತೆ?"

ಬೇಡ ಸರ್, 4 ಲೀಟರ್ ಸಾಕಾಗಬೇಕು. ನಾಲ್ಕು ಗೋಡೆ ಸೇರಿ 44 ಅಡಿ ಸುತ್ತಳತೆ, ಎತ್ತರ 10, ಅಂದರೆ 440 ಚದರ ಅಡಿ. 7x3 ಬಾಗಿಲು, 4x4 ಕಿಟಕಿ ಇದ್ದರೆ 37 ಕಳೆಯಿರಿ. ಉಳಿದದ್ದು 403.

ಎಡವಟ್ಟಾಗುವುದು ಮುಂದಿನ ಹೆಜ್ಜೆಯಲ್ಲಿ. ಡಬ್ಬದ ಮೇಲಿನ ಕವರೇಜ್ ಒಂದು ಕೋಟಿಗಾ, ಎರಡು ಕೋಟಿಗಾ ಅಂತ ನೋಡಿ. ಲೀಟರಿಗೆ 120 ಚದರ ಅಡಿ, ಎರಡು ಕೋಟಿಗೆ ಅಂತಿದ್ದರೆ ಮತ್ತೆ ಎರಡರಿಂದ ಗುಣಿಸಬೇಡಿ. ಗುಣಿಸಿದರೆ ಸುಮ್ನೆ ಡಬಲ್ ಪೇಂಟ್ ತಂದಂತೆ. 403 ಭಾಗಿಸು 120, ಸುಮಾರು 3.4 ಲೀಟರ್. ರೋಲರ್, ಟ್ರೇಯಲ್ಲಿ ಉಳಿಯುವುದಕ್ಕೆ ಶೇ. 10 ಸೇರಿಸಿದರೂ 3.7.

ಆದರೆ ಆ ಅಂಕಿ ನಯವಾದ ಗೋಡೆಗೆ. ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಅಂಟಿದರೆ ಮೊದಲು ಕೆರೆದು ಪ್ರೈಮರ್ ಹಚ್ಚಲೇಬೇಕು. ಇಲ್ಲದಿದ್ದರೆ ಗೋಡೆ ಪೇಂಟನ್ನು ಹೀರುತ್ತೆ, ಆಮೇಲೆ ಸಿಪ್ಪೆ ಏಳುತ್ತೆ. ಪ್ರೈಮರ್ ಖರ್ಚು ಬೇರೆ.

ಲೆಕ್ಕಕ್ಕೆ ಲೀಟರಿಗೆ 300 ರೂಪಾಯಿ, ಕೂಲಿ ಚದರ ಅಡಿಗೆ 12 ಅಂತಿಟ್ಟುಕೊಳ್ಳಿ. ಪೇಂಟ್ 1,200, ಕೂಲಿ 4,836, ಒಟ್ಟು 6,036. ನಿಮ್ಮೂರಿನ ದರ ಹಾಕಿಕೊಳ್ಳಿ. ಕೂಲಿಯೇ ಜಾಸ್ತಿ, ಅಲ್ವಾ? ಹಾಗಾಗಿ 12 ರೂಪಾಯಿ ಎರಡೂ ಕೋಟಿಗೆ ಸೇರಿಯಾ, ಪುಟ್ಟಿ ತೇಪೆ ಅದರಲ್ಲೇ ಬರುತ್ತಾ ಅಂತ ಮೊದಲೇ ಕೇಳಿ. ಬಾಗಿಲು, ಕಿಟಕಿ ಕಳೆಯದೆ ಅಳೆದರೆ ಕೂಲಿ 444 ರೂಪಾಯಿ ಏರುತ್ತೆ. ಅಂಚು ಕಟ್ಟುವುದಕ್ಕೆ ಸಮಯ ಹಿಡಿಯುವುದರಿಂದ ಕೆಲವರು ಕಳೆಯುವುದಿಲ್ಲ, ಅದು ತಪ್ಪೇನಲ್ಲ. ಕೆಲಸ ಶುರುವಾಗುವ ಮುಂಚೆ ಟೇಪ್ ಹಿಡಿದು ಇಬ್ಬರೂ ಒಟ್ಟಿಗೆ ಅಳೆದು ಬರೆದಿಟ್ಟುಕೊಳ್ಳಿ.