ಫಿಫಾ ಗೇಮ್‌ನ ಅಲ್ಟಿಮೇಟ್ ಟೀಮ್‌ನಲ್ಲಿ ಒಬ್ಬ ಆಟಗಾರನ ಕೆಮಿಸ್ಟ್ರಿ 0

ಪ್ರೀಮಿಯರ್ ಲೀಗ್ ಟೀಮ್ ಕಟ್ಟಿದ್ದೇನೆ. ರಿಯಲ್ ಮ್ಯಾಡ್ರಿಡ್‌ನ ಬ್ರೆಜಿಲ್ ಫಾರ್ವರ್ಡ್ ಹಾಕಿದರೆ ಕೆಮಿಸ್ಟ್ರಿ 0 ಬರುತ್ತೆ. ಕಾಯಿನ್ ಕಮ್ಮಿ ಇದೆ, ಏನು ಮಾಡಲಿ?

ಹತ್ತೂ ಜನರನ್ನು ಪ್ರೀಮಿಯರ್ ಲೀಗಿನಿಂದಲೇ ತರಬೇಡಿ, ಎಂಟು ಸಾಕು. ಫಿಫಾ 23ರಿಂದೀಚೆ ಒಂದೇ ಲೀಗಿನ 3, 5, 8 ಜನರಿದ್ದರೆ ಕ್ರಮವಾಗಿ 1, 2, 3 ಅಂಕ. ಒಬ್ಬನಿಗೆ 3ಕ್ಕಿಂತ ಹೆಚ್ಚು ಸಿಗಲ್ಲ. ಒಂಬತ್ತನೆಯವನಿಂದ ಉಳಿದವರಿಗೇನೂ ಲಾಭವಿಲ್ಲ.

ಉಳಿದ ಎರಡು ಜಾಗಕ್ಕೆ ಲಾ ಲಿಗಾದವರೇ ಬರಲಿ, ಒಬ್ಬ ರಿಯಲ್ ಮ್ಯಾಡ್ರಿಡ್‌ನವನಾಗಿರಲಿ. ಆಗ ಫಾರ್ವರ್ಡ್‌ಗೆ ಲೀಗಿನಿಂದ 1, ಕ್ಲಬ್ಬಿನಿಂದ 1. ಆ ಎಂಟರಲ್ಲಿ ಒಬ್ಬ ಅಗ್ಗದ ಬ್ರೆಜಿಲಿಯನ್ ಇದ್ದರೆ ದೇಶದಿಂದ ಇನ್ನೊಂದು. ಮೂರು ಭರ್ತಿ.

ಎಡವುವುದು ಪೊಸಿಶನ್‌ನಲ್ಲಿ. ಕಾರ್ಡಿನಲ್ಲಿ LW ಮಾತ್ರ ಇದ್ದವನನ್ನು LM ಜಾಗಕ್ಕೆ ಹಾಕಿದರೆ ಅವನಿಗೆ 0, ಲೆಕ್ಕದಿಂದಲೂ ಔಟ್. ಎಂಟು ಏಳಾಗಿ, ಉಳಿದವರ ಲೀಗ್ ಅಂಕವೂ 2ಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲು ಫಾರ್ಮೇಶನ್, ಆಮೇಲೆ ಖರೀದಿ. ತಪ್ಪು ಕಾರ್ಡ್ ಕೊಂಡು 5,000ಕ್ಕೇ ಮಾರಿದರೂ 5% ಕಡಿತವಾಗಿ ಕೈಗೆ ಬರುವುದು 4,750.

ಇಷ್ಟಾದರೂ ಹೊಂದದಿದ್ದರೆ 0 ಇರಲಿ ಬಿಡಿ. ಕಾರ್ಡಿನ ಮೂಲ ಅಂಕಿ ಕುಗ್ಗಲ್ಲ, ಕೆಮಿಸ್ಟ್ರಿ ಸ್ಟೈಲ್‌ನ ಹೆಚ್ಚುವರಿ ಮಾತ್ರ ತಪ್ಪುತ್ತದೆ.