ಆ ಮನುಷ್ಯ ನಿಜ, ಮೆಸೇಜ್ ಸುಳ್ಳು

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ನನ್ನ ಹತ್ತಿರ ಬಂದದ್ದು ನಿದ್ದೆ ಬರ್ತಿಲ್ಲ ಅಂತ. ಐದು ತಿಂಗಳು ಕೆಲಸವಿಲ್ಲದೆ ಇದ್ದು, ಈಗ ಆಫರ್ ಲೆಟರ್ ಕೈಗೆ ಬಂದಿತ್ತು. ಆದರೂ ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಹೊಸ ಕೆಲಸದ ಆತಂಕ ಇರಬೇಕು ಅಂದುಕೊಂಡು ಮೊದಲ ಹತ್ತು ನಿಮಿಷ ನಾನು ಅದೇ ದಾರಿಯಲ್ಲಿ ಮಾತಾಡಿಸಿದೆ. ಅದು ನನ್ನ ತಪ್ಪು. ಮಾತಿನ ನಡುವೆ ಅವರೇ, ನಾನು ಕೇಳದಿದ್ದರೂ, ಎರಡು ಸಲ ಹೇಳಿದರು: "ನಾನು ಚೆಕ್ ಮಾಡಿದೀನಿ ಮೇಡಂ. ಆ ಮನುಷ್ಯ ನಿಜವಾಗ್ಲೂ ಇದ್ದಾರೆ."

ಏನು ಚೆಕ್ ಮಾಡಿದಿರಿ ಅಂತ ಕೇಳಿದೆ.

ಲಿಂಕ್ಡ್‌ಇನ್‌ನಲ್ಲಿ ದೊಡ್ಡ ಕಂಪನಿಯೊಂದರ ನೇಮಕಾತಿ ಅಧಿಕಾರಿಯ ಹೆಸರಲ್ಲಿ ಮೆಸೇಜ್ ಬಂದಿತ್ತು. ಇವರು ಆ ಹೆಸರನ್ನು ಹುಡುಕಿದ್ದಾರೆ. ಅದೇ ಫೋಟೋ, ಅದೇ ಹುದ್ದೆ, ಅದೇ ಕಂಪನಿ ಸಿಕ್ಕಿದೆ. ಜೊತೆಗೆ ಮೆಸೇಜ್‌ನಲ್ಲಿ ಇವರ ಹಿಂದಿನ ಪ್ರಾಜೆಕ್ಟ್‌ನ ಹೆಸರೂ ಇತ್ತು. ಮೂರನೇ ಮೆಸೇಜ್‌ಗೆ ಮಾತು ಟೆಲಿಗ್ರಾಂಗೆ ಹೋಯಿತು. ಇಂಟರ್‌ವ್ಯೂ ಪೂರ್ತಿ ಟೈಪ್ ಮಾಡುವುದರಲ್ಲೇ ಮುಗಿಯಿತು. ಮುಖ ಕಾಣಲಿಲ್ಲ, ದನಿ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಆಫರ್ ಲೆಟರ್ ಬಂತು. ಆಮೇಲೆ ಇವರು ಒಂದು ಪೋರ್ಟಲ್‌ನಲ್ಲಿ ಖಾತೆ ತೆರೆದು ಹುಟ್ಟಿದ ದಿನಾಂಕ, ಬ್ಯಾಂಕ್ ಖಾತೆ ಸಂಖ್ಯೆ, ಗುರುತಿನ ಚೀಟಿಯ ಎರಡೂ ಬದಿ ಕಳಿಸಿದ್ದರು. ಮೂರು ದಿನದ ಹಿಂದೆ ಬಂದ ಬೇಡಿಕೆ: ಚೀಟಿಯನ್ನು ಮುಖದ ಪಕ್ಕ ಹಿಡಿದು ಒಂದು ಸೆಲ್ಫಿ, ಲ್ಯಾಪ್‌ಟಾಪ್‌ಗೆ ಠೇವಣಿ. ಠೇವಣಿ ವಾಪಸ್ ಕೊಡ್ತಾರಂತೆ. ನಿದ್ದೆ ಕೆಟ್ಟದ್ದು ಅಲ್ಲಿಂದ.

ಅವರು ಹುಡುಕಿದ್ದು ಸರಿಯಾಗಿಯೇ ಇತ್ತು. ಆದರೆ ಆ ಅಧಿಕಾರಿ ಇದ್ದಾರೆ ಅನ್ನುವುದು ಒಂದು ವಿಷಯ, ಮೆಸೇಜ್ ಕಳಿಸಿದ್ದು ಅವರೇ ಅನ್ನುವುದು ಬೇರೆ ವಿಷಯ. ನಕಲಿ ಪ್ರೊಫೈಲ್ ಮಾಡುವವರು ಇಲ್ಲದ ಹೆಸರನ್ನು ಸೃಷ್ಟಿಸುವುದಕ್ಕಿಂತ ಇರುವ ಹೆಸರನ್ನು ಕದಿಯುವುದು ಇದಕ್ಕೇ. ನೀವು ಹುಡುಕಿದಷ್ಟೂ ಅವರ ಮಾತೇ ನಿಜ ಅನ್ನಿಸುತ್ತೆ.

ಫೋನ್ ತೆಗೆಯಿರಿ, ಇಬ್ಬರೂ ನೋಡೋಣ ಅಂದೆ. ಆ ಹೆಸರಲ್ಲಿ ಎರಡು ಪ್ರೊಫೈಲ್ ಇದ್ದವು. ಫೋಟೋ ಒಂದೇ. ಎರಡರಲ್ಲೂ ಕೆಲಸದ ಅನುಭವ ಪದಕ್ಕೆ ಪದ ಒಂದೇ ಥರ. ಎಷ್ಟು ಅಂದರೆ, ಅಸಲಿ ಪ್ರೊಫೈಲ್‌ನಲ್ಲಿದ್ದ ಒಂದು ಕಾಗುಣಿತದ ತಪ್ಪು ಕೂಡ ನಕಲಿನಲ್ಲಿ ಹಾಗೇ ಕೂತಿತ್ತು. ಅದನ್ನು ನೋಡಿದಾಗ ಅವರು ಏನೂ ಮಾತಾಡಲಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಮುಂದೆ ನೋಡಿದೆವು. ಪ್ರೊಫೈಲ್‌ನ ಮೆನುವಿನಲ್ಲಿ About this profile ಅಂತ ಒಂದಿದೆ. ಖಾತೆ ಯಾವಾಗ ತೆರೆದದ್ದು, ಫೋಟೋ ಯಾವಾಗ ಬದಲಾದದ್ದು ಅಲ್ಲಿ ಕಾಣುತ್ತೆ. ಒಂದು ಖಾತೆ ಹಲವು ವರ್ಷ ಹಳೆಯದು, ಅದರ ಬರಹಗಳಿಗೆ ಸಹೋದ್ಯೋಗಿಗಳು ಉತ್ತರ ಬರೆದಿದ್ದರು. ಇನ್ನೊಂದು ಅದೇ ತಿಂಗಳು ಹುಟ್ಟಿದ್ದು. ಖಾತೆ ಹಳೆಯದಿದ್ದರೆ ಸಾಕು ಅಂತಲೂ ಇಲ್ಲ, ಹಳೇ ಖಾತೆಯನ್ನೇ ಕದ್ದು ಬಳಸುವವರೂ ಇದ್ದಾರೆ.

ಅದಕ್ಕೇ ನಾನು ನಂಬುವ ಪರೀಕ್ಷೆ ಒಂದೇ: ಅವರು ತೋರಿಸಿದ ಬಾಗಿಲಿಂದ ಹೋಗಬಾರದು, ನಾವೇ ಹುಡುಕಿದ ಬಾಗಿಲಿಂದ ಹೋಗಿ ಕೇಳಬೇಕು. ಮೆಸೇಜ್‌ನಲ್ಲಿರುವ ಲಿಂಕ್, ನಂಬರ್ ಮುಟ್ಟುವ ಹಾಗಿಲ್ಲ. ಕಂಪನಿಯ ವೆಬ್‌ಸೈಟನ್ನು ಕೈಯಾರೆ ಟೈಪ್ ಮಾಡಿ ತೆರೆದೆವು. ಉದ್ಯೋಗದ ಪುಟದಲ್ಲಿ ಆ ಹುದ್ದೆ ಇರಲಿಲ್ಲ. ಅಲ್ಲಿದ್ದ ಕಚೇರಿಯ ನಂಬರ್‌ಗೆ ಫೋನ್ ಮಾಡಿ, ಆಫರ್ ಲೆಟರ್‌ನ ಉಲ್ಲೇಖ ಸಂಖ್ಯೆ ಓದಿದರು. ನಮ್ಮಿಂದ ಹೋದದ್ದಲ್ಲ ಅಂತ ಉತ್ತರ ಬಂತು. ಹಳೇ ಪ್ರೊಫೈಲ್‌ಗೂ ಬರೆದರು. ಆ ಅಧಿಕಾರಿಗೆ ತಮ್ಮ ನಕಲಿ ಇರುವುದೇ ಗೊತ್ತಿರಲಿಲ್ಲ.

ಇಮೇಲ್ ವಿಳಾಸ ಓದುವ ರೀತಿಯನ್ನೂ ತೋರಿಸಿದೆ. ಕಂಪನಿಯ ಅಸಲಿ ವಿಳಾಸ `kampani.example` ಅಂದುಕೊಳ್ಳಿ. ಇವರಿಗೆ ಬಂದದ್ದು ಈ ಥರ ಇತ್ತು:

```
hr@kampani.joining-desk.example
```

ಕಣ್ಣು ಮೊದಲು ಹೋಗುವುದು `kampani` ಮೇಲೆ. ಆದರೆ ಇಲ್ಲಿ ಓದಬೇಕಾದ್ದು ಬಲಗಡೆಯಿಂದ. ಕೊನೆಯ ಚುಕ್ಕಿಯ ಎಡಕ್ಕೆ ತಗುಲಿಕೊಂಡಿರುವ ಹೆಸರು `joining-desk`. ಯಜಮಾನ ಅವನೇ. ಅದರ ಎಡಗಡೆ ಅವನು ಏನು ಬೇಕಾದರೂ ಬರೆದುಕೊಳ್ಳಬಹುದು.

ಇನ್ನು ಹೋದದ್ದನ್ನು ಏನು ಮಾಡುವುದು? ಬ್ಯಾಂಕ್ ಖಾತೆ ಸಂಖ್ಯೆಯ ಬಗ್ಗೆ ಅವರಿಗೆ ಜಾಸ್ತಿ ಭಯವಿತ್ತು. ನನಗೆ ಭಯವಾದದ್ದು ಬೇರೆ ವಿಷಯಕ್ಕೆ. ಆ ಪೋರ್ಟಲ್‌ಗೆ ಯಾವ ಪಾಸ್‌ವರ್ಡ್ ಕೊಟ್ರಿ ಅಂತ ಕೇಳಿದೆ. ಇಮೇಲ್‌ದೇ, ಅಂದರು ಮೆಲ್ಲಗೆ. ಇಮೇಲ್ ಕೈಗೆ ಸಿಕ್ಕಿದವನಿಗೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಕೂಡ ಸಿಗುತ್ತೆ. ಹಾಗಾಗಿ ಅಲ್ಲೇ ಕೂತು ಇಮೇಲ್‌ನ ಪಾಸ್‌ವರ್ಡ್ ಬದಲಿಸಿದರು, ಉಳಿದ ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿದರು, ಎರಡು ಹಂತದ ಪರಿಶೀಲನೆ ಹಾಕಿದರು. ರಿಕವರಿ ನಂಬರ್ ತಮ್ಮದೇನಾ, ಬಂದ ಮೇಲ್‌ಗಳು ಬೇರೆ ವಿಳಾಸಕ್ಕೆ ತಾನಾಗಿ ಹೋಗುವ ಹಾಗೆ ಯಾರಾದರೂ ಇಟ್ಟಿದ್ದಾರಾ ಅಂತಲೂ ನೋಡಿಸಿದೆ. ಇದನ್ನು ನೋಡದೆ ಬಿಟ್ಟರೆ ಪಾಸ್‌ವರ್ಡ್ ಬದಲಿಸಿಯೂ ಪ್ರಯೋಜನವಿಲ್ಲ.

ಬ್ಯಾಂಕಿಗೆ ಅದೇ ದಿನ ಹೇಳಿದರು. ಬರೀ ಖಾತೆ ಸಂಖ್ಯೆಯಿಂದ ದುಡ್ಡು ತೆಗೆಯುವುದು ಸುಲಭವಲ್ಲ. ಆದರೆ ಹುಟ್ಟಿದ ದಿನಾಂಕ, ಚೀಟಿಯ ನಕಲು ಜೊತೆಗಿದ್ದರೆ ಇವರ ಹೆಸರಲ್ಲಿ ಬ್ಯಾಂಕಿಗೆ ಫೋನ್ ಮಾಡಿ ನಂಬಿಸಬಹುದು, ಸಾಲಕ್ಕೂ ಅರ್ಜಿ ಹಾಕಬಹುದು. ಸೆಲ್ಫಿ ಕೇಳಿದ್ದು ಅದಕ್ಕೇ. ಆನ್‌ಲೈನ್‌ನಲ್ಲಿ ಖಾತೆ ತೆರೆಯುವಾಗ ಕೆಲವು ಕಡೆ ಅಂಥ ಫೋಟೋ ಬೇಕಾಗುತ್ತೆ. ಅದನ್ನು ಇವರು ಕಳಿಸಿರಲಿಲ್ಲ, ಅಷ್ಟು ಒಳ್ಳೆಯದಾಯಿತು. ಪೊಲೀಸರಿಗೆ ಲಿಖಿತ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ ಅಂದೆ. ಮುಂದೆ ಇವರ ಹೆಸರಲ್ಲಿ ಯಾರೋ ಸಾಲ ಮಾಡಿದರೆ, ಚೀಟಿಯ ನಕಲು ಮೊದಲೇ ಮೋಸಗಾರರ ಕೈ ಸೇರಿತ್ತು ಅಂತ ತೋರಿಸಲು ತಾರೀಖು ಇರುವ ಕಾಗದ ಬೇಕು.

ಸಿಟ್ಟಿನಲ್ಲಿ ಆ ಖಾತೆಯನ್ನು ಬ್ಲಾಕ್ ಮಾಡಲು ಹೊರಟಿದ್ದರು, ತಡೆದೆ. ಮೊದಲು ಮೆಸೇಜ್‌ಗಳ, ಪ್ರೊಫೈಲ್ ವಿಳಾಸದ ಸ್ಕ್ರೀನ್‌ಶಾಟ್. ಆಮೇಲೆ ರಿಪೋರ್ಟ್. ಬ್ಲಾಕ್ ಕೊನೆಗೆ.

ಪ್ರಾಜೆಕ್ಟ್ ಹೆಸರು ಆ ಮೋಸಗಾರರಿಗೆ ಹೇಗೆ ಗೊತ್ತಾಯಿತು ಅನ್ನುವುದು ಇವರನ್ನು ಕೊರೆಯುತ್ತಿತ್ತು. ಉತ್ತರ ಇವರ ಪ್ರೊಫೈಲ್‌ನಲ್ಲೇ ಇತ್ತು. ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದ ರೆಸ್ಯೂಮೆಯಲ್ಲಿ ಮೊಬೈಲ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನಾಂಕ, ಕ್ಲೈಂಟ್‌ಗಳ ಹೆಸರು ಎಲ್ಲ ಇದ್ದವು. ಆ ಫೈಲ್ ತೆಗೆದರು. ಪ್ರಾಜೆಕ್ಟ್ ಹೆಸರಿನ ಬದಲು ಯಾವ ಥರದ ಕೆಲಸ ಅಂತಷ್ಟೇ ಬರೆದರು. ಅರ್ಜಿಗಳಿಗೆ ಬೇರೆ ಇಮೇಲ್ ಮಾಡಿಕೊಂಡರು. ಸಂಪರ್ಕಗಳ ಪಟ್ಟಿಯನ್ನೂ ಮರೆಮಾಡಿದರು. ನಾಳೆ ಇವರದ್ದೇ ನಕಲಿ ಮಾಡಿದರೆ ಯಾರಿಗೆ ಮೆಸೇಜ್ ಕಳಿಸಬೇಕು ಅನ್ನುವುದಕ್ಕೆ ಆ ಪಟ್ಟಿಯೇ ಸಾಕು.

ಕೆಲಸ ಸಿಕ್ಕಿತು ಅಂತ ಅಮ್ಮನಿಗೆ ಹೇಳಿಬಿಟ್ಟಿದ್ದರು. ದುಡ್ಡು ಹೋಗದಿದ್ದರೂ ನಾಚಿಕೆ ಇದ್ದದ್ದು ಅಲ್ಲಿ. ನಿಮ್ಮ ನಿದ್ದೆ ಕೆಡಿಸಿದ ಅನುಮಾನ ಸರಿಯಾಗೇ ಇತ್ತಲ್ವಾ, ಅದರಿಂದಲೇ ಮಾತು ಶುರು ಮಾಡಿ ಅಂದೆ. ಆ ರಾತ್ರಿಯೇ ಹೇಳಿದರಂತೆ.

ಮೂರು ವಾರದ ಮೇಲೆ ಇನ್ನೊಬ್ಬ ನೇಮಕಾತಿಯವರ ಮೆಸೇಜ್ ಬಂತು. "ನಿಮ್ಮ ಕಚೇರಿಯ ಇಮೇಲ್‌ನಿಂದ ಬರೆಯಿರಿ, ನಾನು ಕಚೇರಿ ನಂಬರ್‌ಗೆ ಫೋನ್ ಮಾಡಿ ಖಚಿತ ಮಾಡಿಕೊಳ್ತೇನೆ" ಅಂತ ಉತ್ತರಿಸಿದರು. ಎರಡು ದಿನ ಸದ್ದಿಲ್ಲ. ಮೂರನೇ ದಿನ ಕಚೇರಿಯ ವಿಳಾಸದಿಂದಲೇ ಮೇಲ್ ಬಂತು: ತಡವಾಯಿತು, ಕ್ಷಮಿಸಿ, ಬೇಕಾದರೆ ಈಗಲೇ ಫೋನ್ ಮಾಡಿ.