ಅರಿಶಿನದ ಬಣ್ಣ ಉಪ್ಪಿಗೆ ನಿಲ್ಲುವುದಿಲ್ಲ

"ಕಾಟನ್ ದುಪಟ್ಟಾನ ಅರಿಶಿನದಲ್ಲಿ ಅದ್ದಿ, ಬಣ್ಣ ನಿಲ್ಲಲಿ ಅಂತ ಉಪ್ಪು, ವಿನೆಗರ್ ಹಾಕಿದ್ದೆ. ಸೋಪು ತಾಗಿದ ಕಡೆ ಕೆಂಪಾಯ್ತು, ಬಿಸಿಲಿಗೆ ಹಾಕಿದ್ರೆ ಬಿಳಚಿಕೊಂಡಿತು. ಈರುಳ್ಳಿ ಸಿಪ್ಪೆ, ಇಂಡಿಗೋ ನೀಲಿಗೂ ಹೀಗೇ ಆಗುತ್ತಾ?"

ಅಕ್ಕಾ, ಕೆಂಪಾದ ಕಡೆ ನಿಂಬೆರಸ ಬೆರೆಸಿದ ನೀರು ಹಚ್ಚಿ, ಮತ್ತೆ ಹಳದಿಯಾಗುತ್ತದೆ. ಆರತಿ ನೀರಿಗೆ ಅರಿಶಿನ, ಸುಣ್ಣ ಹಾಕಿ ಕೆಂಪು ಮಾಡ್ತೀವಲ್ವಾ, ಸೋಪೂ ಅದೇ ಸುಣ್ಣದ ಕೆಲಸ ಮಾಡಿದೆ.

ಬಿಳಚಿಕೊಂಡಿದ್ದು ಮಾತ್ರ ವಾಪಸ್ ಬರುವುದಿಲ್ಲ. ಪಟಿಕ ಹಾಕಿದರೆ ಅರಿಶಿನ ನಿಲ್ಲುತ್ತದೆ ಅಂತ ಮೇಲೆ ಅಣ್ಣ ಒಬ್ಬರು ಬರೆದಿದ್ದಾರೆ. ಒಗೆಯುವಾಗ ಸ್ವಲ್ಪ ತಡೆಯುತ್ತದೆ, ನಿಜ. ಬಿಸಿಲಿಗೆ ತಡೆಯುವುದಿಲ್ಲ. ಹಾಗಾಗಿ ಹೊರಗೆ ಉಡುವ ಬಟ್ಟೆಗೆ ನಾನು ಅರಿಶಿನ ಬಿಟ್ಟು ಈರುಳ್ಳಿ ಸಿಪ್ಪೆ ಹಿಡಿದಿದ್ದೇನೆ.

ಹತ್ತಿಗೆ ಪಟಿಕ ನೇರವಾಗಿ ಸರಿಯಾಗಿ ಹಿಡಿಯುವುದಿಲ್ಲ. ಮೊದಲು ಅಳಲೆಕಾಯಿ ಬೇಕು. ರೇಷ್ಮೆ ಸೀರೆಗೆ ಬರೀ ಪಟಿಕ ಸಾಕಾಯ್ತು ಎಂದವರ ಅನುಭವ ಸರಿಯೇ, ಆದರೆ ಇಲ್ಲಿ ಕೇಳಿದ್ದು ಹತ್ತಿ.

ಹೋದ ತಿಂಗಳು 250 ಗ್ರಾಂ ತೂಕದ ಬಿಳಿ ಪಂಚೆಗೆ ಹೀಗೆ ಮಾಡಿದೆ. ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿದೆ. ಹೊಸ ಬಟ್ಟೆಯ ಗಂಜಿ, ಎಣ್ಣೆಯೆಲ್ಲ ಬಿಟ್ಟು ನೀರು ಚಹಾದ ಹಾಗಾಯ್ತು. ಇದನ್ನು ಬಿಟ್ಟರೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಆಮೇಲೆ 50 ಗ್ರಾಂ ಅಳಲೆ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಪಂಚೆಯನ್ನು ರಾತ್ರಿಯಿಡೀ ನೆನೆಸಿ, ಹಿಂಡಿ, ಜಾಲಾಡಿಸದೆ ನೆರಳಲ್ಲಿ ಒಣಗಿಸಿದೆ. ಮರುದಿನ ಬೇರೆ ನೀರಿನಲ್ಲಿ 40 ಗ್ರಾಂ ಪಟಿಕ ಕರಗಿಸಿ ಮತ್ತೆ ನೆನೆಸಿದೆ. ಅಳಲೆ, ಪಟಿಕ ಎರಡನ್ನೂ ಒಂದೇ ನೀರಿಗೆ ಹಾಕಬೇಡಿ. ಅವು ಅಲ್ಲೇ ಕೂಡಿಕೊಂಡು ತಳಕ್ಕೆ ಕೂರುತ್ತವೆ, ಬಟ್ಟೆಗೆ ಏನೂ ಉಳಿಯುವುದಿಲ್ಲ.

ಸಿಪ್ಪೆಯನ್ನೂ ಬಟ್ಟೆಯಷ್ಟೇ ತೂಕ ತೆಗೆದುಕೊಂಡೆ. 250 ಗ್ರಾಂ ಅಂದ್ರೆ ದೊಡ್ಡ ಚೀಲದ ತುಂಬಾ ಆಗುತ್ತದೆ, ತರಕಾರಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಒಂದು ಗಂಟೆ ಕುದಿಸಿ, ಸೋಸಿ, ಆ ನೀರಿನಲ್ಲಿ ಪಂಚೆಯನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವುತ್ತಾ ಇದ್ದೆ. ಹಣ್ಣಾದ ಮಾವಿನ ತಿರುಳಿನ ಬಣ್ಣ ಬಂತು. ಪಾತ್ರೆ ಸ್ಟೀಲಿನದೇ ಇರಲಿ. ಹಿಂದೊಮ್ಮೆ ಅಳಲೆ ಬಟ್ಟೆಯನ್ನು ಕಬ್ಬಿಣದ ಬಾಣಲೆಗೆ ಹಾಕಿ, ತಾಗಿದಲ್ಲೆಲ್ಲ ಮಸಿ ಕಪ್ಪಾಗಿತ್ತು, ಏನು ಮಾಡಿದರೂ ಹೋಗಲಿಲ್ಲ.

ನೀಲಿಯ ದಾರಿಯೇ ಬೇರೆ, ಅದಕ್ಕೆ ಪಟಿಕ ಬೇಡ. ಒಂದು ಪಾಲು ನೀಲಿ ಪುಡಿ, ಎರಡು ಪಾಲು ಸುಣ್ಣ, ಮೂರು ಪಾಲು ಬೆಲ್ಲ ಬಿಸಿನೀರಿಗೆ ಹಾಕಿ ಮುಚ್ಚಿಡಿ. ಸುಣ್ಣಕ್ಕೆ ಕೈಗವಸು ಬೇಕೇ ಬೇಕು. ನೀರು ಹಳದಿ ಹಸಿರಿಗೆ ತಿರುಗಿ, ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿದರೆ ತಯಾರು. ಬಟ್ಟೆ ಹಸಿರಾಗಿ ಹೊರಬಂದು ಗಾಳಿಗೆ ನೀಲಿಯಾಗಬೇಕು. ನೀರಲ್ಲಿರುವಾಗಲೇ ನೀಲಿ ಕಂಡರೆ ಪುಡಿ ಕರಗಿಲ್ಲ, ಬರೀ ಮೇಲೆ ಮೆತ್ತಿದೆ. ಉಜ್ಜಿದರೆ ಕೈಗೆ ಬರುತ್ತದೆ.

ಬೋರ್‌ವೆಲ್ ನೀರಲ್ಲಿ ಸಿಪ್ಪೆ ಬಣ್ಣ ಯಾಕೆ ಮಂಕಾಯ್ತು ಅಂತ ಒಬ್ಬರು ಕೇಳಿದ್ದರು. ಕಬ್ಬಿಣದ ಅಂಶ ಇರಬಹುದು. ಒಂದೇ ಬಟ್ಟೆಯ ಎರಡು ತುಂಡು ತೆಗೆದುಕೊಂಡು, ಒಂದನ್ನು ಮಳೆನೀರಲ್ಲಿ, ಇನ್ನೊಂದನ್ನು ಬೋರ್ ನೀರಲ್ಲಿ ಅದ್ದಿ ಫೋಟೋ ಹಾಕಿ, ನೋಡೋಣ.